ಒಂದೇ ಬೆಳಕು, ಒಂದೇ ಅಳತೆಪಟ್ಟಿ: ಅಕ್ಕಿಯ ಮೂರು ಮಾದರಿಗಳನ್ನು ಫೋಟೊದಲ್ಲಿ ಹೋಲಿಸಿದ ಒಂದು ಪ್ರಕರಣ

ಇದು ಒಂದು ವಸತಿ ತರಬೇತಿ ಕೇಂದ್ರದ ಅಡುಗೆಮನೆಯಲ್ಲಿ ನಡೆದದ್ದು. ಸಂಸ್ಥೆಯ ಮತ್ತು ಮಾರಾಟಗಾರರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳನ್ನು ಮತ್ತು ನಿರ್ಧಾರಗಳನ್ನು ಮಾತ್ರ ನಡೆದ ಹಾಗೆಯೇ ಇಟ್ಟಿದ್ದೇನೆ. ಮೂವರು ಮಾರಾಟಗಾರರನ್ನು ಅ, ಬ, ಕ ಎಂದು ಕರೆಯುತ್ತೇನೆ.

ಹಿನ್ನೆಲೆ

ಕೇಂದ್ರದಲ್ಲಿ ದಿನವೂ ಸುಮಾರು 350 ಜನ ಊಟ ಮಾಡುತ್ತಾರೆ. ಒಂದು ತಿಂಗಳಿಗೆ ಸ್ವಲ್ಪ ಹೆಚ್ಚಾಗುವಷ್ಟು ಅಕ್ಕಿಯನ್ನು, ಅಂದರೆ 50 ಕಿಲೋದ 60 ಚೀಲಗಳನ್ನು, ಒಮ್ಮೆಗೇ ತರಿಸುವುದು ರೂಢಿ. ಗಿರಣಿಗಳು ದೂರದಲ್ಲಿವೆ, ಪ್ರತಿ ಬಾರಿ ಹೋಗಿ ನೋಡಲು ಆಗುವುದಿಲ್ಲ. ಹಾಗಾಗಿ ಮಾರಾಟಗಾರರು ಮೊಬೈಲಿಗೆ ಕಳುಹಿಸುವ ಫೋಟೊ ನೋಡಿ ಅಕ್ಕಿ ಆರಿಸುವ ಅಭ್ಯಾಸ ಬೆಳೆದಿತ್ತು. ಉಗ್ರಾಣ ನೋಡಿಕೊಳ್ಳುವವರು, ಮುಖ್ಯ ಅಡುಗೆಯವರು ಮತ್ತು ಕೇಂದ್ರದ ವ್ಯವಸ್ಥಾಪಕರು ಸೇರಿ ಫೋಟೊ ನೋಡುತ್ತಿದ್ದರು. ಯಾವುದು ಬೆಳ್ಳಗೆ, ಹೊಳಪಾಗಿ, ಉದ್ದವಾಗಿ ಕಾಣುತ್ತದೋ ಅದಕ್ಕೆ ಹೂಂ ಎನ್ನುತ್ತಿದ್ದರು.

ಹಾಗೆ ತರಿಸಿದ ಒಂದು ಲೋಡಿನಲ್ಲಿ ತೊಂದರೆ ಶುರುವಾಯಿತು. ಮೊದಲ ಕೆಲವು ದಿನ ಅನ್ನ ಬಿಡಿಬಿಡಿಯಾಗಿಯೇ ಬಂತು. ಚೀಲಗಳು ತಳ ಕಾಣುತ್ತಾ ಬಂದಂತೆ ಅಕ್ಕಿ ತೊಳೆದ ನೀರು ಗಂಜಿಯಂತೆ ದಪ್ಪವಾಯಿತು, ಪಾತ್ರೆಯ ಅಡಿಯಲ್ಲಿ ಅನ್ನ ಮುದ್ದೆಗಟ್ಟಿತು. ಅಡುಗೆಯವರು ನೀರಿನ ಪ್ರಮಾಣ ಬದಲಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಉಗ್ರಾಣದವರು ತೆರೆಯದ ಒಂದು ಚೀಲ ಬಿಚ್ಚಿ, ಮೇಲಿನಿಂದ ನೂರು ಗ್ರಾಂ, ತಳದಿಂದ ನೂರು ಗ್ರಾಂ ತೆಗೆದು ಕೈಯಿಂದ ನುಚ್ಚು ಆರಿಸಿ ತೂಗಿದರು. ಮೇಲಿನದರಲ್ಲಿ 8 ಗ್ರಾಂ ನುಚ್ಚು ಇತ್ತು. ತಳದ್ದರಲ್ಲಿ 27 ಗ್ರಾಂ.

ಮಾರಾಟಗಾರರು ಹೇಳಿದ್ದು ನೂರಕ್ಕೆ ಎಂಟು. ಅವರು ಸುಳ್ಳು ಹೇಳಿರಲಿಲ್ಲ. ಮೇಲಿನಿಂದ ತೆಗೆದು ನೋಡಿದ್ದರು, ಮೇಲಿನದನ್ನೇ ಫೋಟೊ ತೆಗೆದಿದ್ದರು. ಚೀಲ ಅಲುಗಾಡಿದಾಗ ಸಣ್ಣ ಚೂರುಗಳು ದೊಡ್ಡ ಕಾಳುಗಳ ಸಂದಿಯಲ್ಲಿ ಜಾರಿ ಕೆಳಗೆ ಸೇರುತ್ತವೆ. ನೆಲದ ಮೇಲೆ ರಾಶಿ ಸುರಿದರೂ ಹೀಗೆಯೇ, ಇಡಿ ಕಾಳು ಅಂಚಿಗೆ ಉರುಳುತ್ತದೆ, ಚೂರು ರಾಶಿಯ ನಡುವೆ ಉಳಿಯುತ್ತದೆ. ಅಂಗೈಯಲ್ಲಿ ಎತ್ತಿ ಹಿಡಿದರೆ ನುಚ್ಚು ಬೆರಳುಗಳ ಸಂದಿಯಿಂದ ಮೊದಲೇ ಸೋರಿಹೋಗಿರುತ್ತದೆ. ಅಂಗೈಯ ಫೋಟೊ ಮತ್ತು ರಾಶಿಯ ಫೋಟೊ ಎರಡೂ ನುಚ್ಚನ್ನು ಮರೆಮಾಡುವುದು ಹೀಗೆ. ಮುಂದಿನ ಖರೀದಿಯ ಹೊತ್ತಿಗೆ, ಧಾನ್ಯದ ಗುಣಮಟ್ಟ ನೋಡುವ ಕೆಲಸ ಮಾಡಿದ್ದ ನನ್ನನ್ನು ಅವರು ಜೊತೆಗೆ ಕೂರಲು ಕರೆದರು.

ಬಂದ ಫೋಟೊಗಳು

ಅ ಎಂಬವರದು ಅಂಗೈಯಲ್ಲಿ ಹಿಡಿದ ಅಕ್ಕಿ, ಹಳದಿ ಬಲ್ಬಿನ ಬೆಳಕು. ಬ ಎಂಬವರದು ಬಿಳಿ ಕಾಗದದ ಮೇಲೆ ಕಿಟಕಿಯ ಬಳಿ ತೆಗೆದದ್ದು, ಕಾಳುಗಳು ಮುತ್ತಿನಂತೆ ಕಾಣುತ್ತಿದ್ದವು. ಕ ಎಂಬವರದು ರಾತ್ರಿ ಸ್ಟೀಲ್ ತಟ್ಟೆಯಲ್ಲಿ ತೆಗೆದ ಮಂಕು ಚಿತ್ರ. ಮೂರೂ ಹಸಿ ಅಕ್ಕಿ, ಯಾವುದೂ ಕುಸುಬಲು ಅಲ್ಲ. ಕುಸುಬಲಕ್ಕಿಯ ಬಣ್ಣವೇ ಬೇರೆ, ಅದು ಗಿರಣಿಯಲ್ಲಿ ಒಡೆಯುವುದೂ ಕಡಿಮೆ, ಹಾಗಾಗಿ ಅದನ್ನು ಹಸಿ ಅಕ್ಕಿಯ ಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ವ್ಯವಸ್ಥಾಪಕರು ಬ ಕಡೆಗೆ ವಾಲಿದ್ದರು. ಕ ಅವರ ಅಕ್ಕಿ ಹಳೆಯದಿರಬೇಕು, ಪಾಲಿಶ್ ಸರಿಯಾಗಿಲ್ಲ ಎಂಬುದು ಅವರ ಅನುಮಾನ. ಆ ಮೂರು ಚಿತ್ರಗಳಿಂದ ಪಾಲಿಶ್ ಬಗ್ಗೆ ಯಾವ ತೀರ್ಮಾನಕ್ಕೂ ಬರಲಾಗದು ಎಂದು ನಾನು ಹೇಳಿದೆ. ಮೊಬೈಲ್ ಕ್ಯಾಮೆರಾ ತನ್ನಷ್ಟಕ್ಕೆ ಬೆಳಕನ್ನೂ ಬಣ್ಣವನ್ನೂ ಹೊಂದಿಸಿಕೊಳ್ಳುತ್ತದೆ. ಹಿನ್ನೆಲೆ ಬಿಳಿಯಾಗಿದ್ದರೆ ಇಡೀ ಚಿತ್ರವನ್ನು ಸ್ವಲ್ಪ ಕಪ್ಪಾಗಿಸುತ್ತದೆ, ಕಪ್ಪಾಗಿದ್ದರೆ ಬೆಳಗಿಸುತ್ತದೆ. ಹಳದಿ ಬೆಳಕಿನಲ್ಲಿ ಎಷ್ಟು ಪಾಲಿಶ್ ಮಾಡಿದ ಅಕ್ಕಿಯೂ ಕೆನೆಬಣ್ಣಕ್ಕೆ ತಿರುಗಬಹುದು. ಸಾಲದ್ದಕ್ಕೆ ಸಂದೇಶದ ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತವೆ. ಕಾಳಿನ ಮೇಲೆ ಉಳಿದ ತವುಡಿನ ಗೆರೆ ಕೂದಲೆಳೆಯಷ್ಟು ತೆಳು, ಕುಗ್ಗಿಸುವಾಗ ಮೊದಲು ಮಾಯವಾಗುವುದೇ ಅದು.

ಇಲ್ಲಿ ಮೊದಲ ನಿರ್ಧಾರ ತೆಗೆದುಕೊಂಡೆವು. ಬಂದ ಫೋಟೊಗಳನ್ನು ಹೋಲಿಸುವುದನ್ನೇ ಕೈಬಿಟ್ಟು, ಮೂವರಿಂದಲೂ ಅರ್ಧ ಕಿಲೋ ಮಾದರಿ ತರಿಸಿ ನಾವೇ ಒಂದೇ ರೀತಿಯಲ್ಲಿ ಫೋಟೊ ತೆಗೆಯುವುದು. ಅದೇ ರೀತಿಯಲ್ಲಿ ಅವರೂ ತಮ್ಮ ದಾಸ್ತಾನಿನ ಫೋಟೊ ತೆಗೆದು, ಚಿತ್ರವಾಗಿ ಅಲ್ಲದೆ ಕಡತವಾಗಿ ಕಳುಹಿಸಬೇಕು ಎಂದು ಕೇಳುವುದು. ಕಡತವಾಗಿ ಕಳುಹಿಸಿದರೆ ಆ್ಯಪ್ ಅದನ್ನು ಕುಗ್ಗಿಸುವುದಿಲ್ಲ. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ, ಮಾದರಿಯೆಂದು ಕಳುಹಿಸಿದ ಅಕ್ಕಿಯೂ ಗೋದಾಮಿನಲ್ಲಿರುವ ಅಕ್ಕಿಯೂ ಒಂದೇ ಹೌದೋ ಅಲ್ಲವೋ ತಿಳಿಯುತ್ತದೆ.

ಫೋಟೊ ತೆಗೆದ ಬಗೆ

ಅರ್ಧ ಕಿಲೋದಿಂದ ಒಂದು ಚಿಟಿಕೆ ಎತ್ತಿಕೊಂಡರೆ ಮತ್ತದೇ ತಪ್ಪು, ಬೆರಳು ಇಡಿ ಕಾಳನ್ನೇ ಆರಿಸುತ್ತದೆ. ಬದಲಿಗೆ ಮಾದರಿಯನ್ನು ಪೂರ್ತಿಯಾಗಿ ಒಂದು ಹಾಳೆಯ ಮೇಲೆ ಸುರಿದು, ಚೆನ್ನಾಗಿ ಬೆರೆಸಿ, ಚಪ್ಪಟೆ ಮಾಡಿ, ಪಟ್ಟಿಯಿಂದ ನಾಲ್ಕು ಭಾಗ ಮಾಡಿದೆವು. ಎದುರುಬದುರು ಎರಡು ಭಾಗ ಉಳಿಸಿಕೊಂಡು ಇನ್ನೆರಡನ್ನು ಬದಿಗಿಟ್ಟು, ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ಭಾಗಿಸಿದೆವು. ಏಳು ಸಲ ಹೀಗೆ ಅರ್ಧ ಮಾಡಿದರೆ ಸುಮಾರು 4 ಗ್ರಾಂ ಉಳಿಯುತ್ತದೆ, ಅದರಲ್ಲಿ ಇನ್ನೂರೈವತ್ತರ ಆಸುಪಾಸು ಕಾಳು ಮತ್ತು ಚೂರುಗಳಿರುತ್ತವೆ. ಪ್ರತಿ ಸಲವೂ ಹಾಳೆಗೆ ಅಂಟಿದ ಪುಡಿಯನ್ನು ಬ್ರಷ್‌ನಿಂದ ಗುಡಿಸಿ ಆಯಾ ಭಾಗಕ್ಕೇ ಸೇರಿಸಬೇಕು. ಹಾಳೆಗೆ ಅಂಟಿಕೊಳ್ಳುವುದು ಯಾವಾಗಲೂ ಚೂರೇ, ಗುಡಿಸದಿದ್ದರೆ ಲೆಕ್ಕದಿಂದ ತಪ್ಪಿಹೋಗುವುದೂ ಅದೇ.

ಹೊಳಪಿಲ್ಲದ ಕಡುನೀಲಿ ಕಾಗದದ ಮೇಲೆ ಕಾಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿದೆವು. ಪಕ್ಕದಲ್ಲಿ ಒಂದು ತೆಳುವಾದ ಅಳತೆಪಟ್ಟಿ, ಬಣ್ಣದ ಹೋಲಿಕೆಗೆ ಒಂದು ತುಂಡು ಬಿಳಿ ಮುದ್ರಣ ಕಾಗದ. ನೇರ ಬಿಸಿಲಿಲ್ಲದ ಕಿಟಕಿಯ ಬೆಳಕು. ಮೊಬೈಲನ್ನು ಪುಸ್ತಕಗಳ ನಡುವೆ ಸಿಕ್ಕಿಸಿ ಸರಿಯಾಗಿ ಮೇಲಿನಿಂದ, ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿ ಇಟ್ಟು, ಎರಡು ಪಟ್ಟು ಹಿಗ್ಗಿಸಿ ತೆಗೆದೆವು. ಹತ್ತಿರದಿಂದ ತೆಗೆದರೆ ಚಿತ್ರದ ಅಂಚಿನ ಕಾಳುಗಳು ಎಳೆದಂತೆ ಉದ್ದವಾಗುತ್ತವೆ, ಉದ್ದದ ಹೋಲಿಕೆ ಅಲ್ಲಿಗೆ ಕೆಟ್ಟಿತು.

ಅಳತೆಪಟ್ಟಿ ಕಾಳುಗಳ ಮಟ್ಟದಲ್ಲೇ ಇರಬೇಕು ಎಂಬುದನ್ನು ನಾವು ಕ ಅವರು ಕಳುಹಿಸಿದ ಫೋಟೊದಿಂದ ಕಲಿತೆವು. ಅವರ ಚಿತ್ರದಲ್ಲಿ ಕಾಳುಗಳ ಸರಾಸರಿ ಉದ್ದ ನಮ್ಮ ಕೈಯಲ್ಲಿದ್ದ ಮಾದರಿಗಿಂತ ನೂರಕ್ಕೆ ಐದರಷ್ಟು ಕಡಿಮೆ ಬಂತು. ಬೇರೆ ಅಕ್ಕಿ ತೋರಿಸುತ್ತಿದ್ದಾರೆಯೇ ಎಂಬ ಸಂಶಯ ಕೋಣೆಯಲ್ಲಿ ಎದ್ದಿತು. ಕೇಳಿ ನೋಡಿದಾಗ, ಅವರು ಅಳತೆಪಟ್ಟಿಯನ್ನು ಒಂದು ಸೆಂಟಿಮೀಟರ್ ದಪ್ಪದ ಹಲಗೆಯ ಮೇಲಿಟ್ಟು 20 ಸೆಂಟಿಮೀಟರ್ ಎತ್ತರದಿಂದ ತೆಗೆದಿದ್ದರು. ಪಟ್ಟಿ ಕ್ಯಾಮೆರಾಗೆ ಇಪ್ಪತ್ತರಲ್ಲಿ ಒಂದು ಪಾಲು ಹತ್ತಿರವಾದ್ದರಿಂದ ಅಷ್ಟೇ ಪಾಲು ದೊಡ್ಡದಾಗಿ ಕಂಡಿತ್ತು, ಕಾಳು ಅಷ್ಟೇ ಗಿಡ್ಡವಾಗಿ ಅಳತೆಗೆ ಸಿಕ್ಕಿತ್ತು. ಹಲಗೆ ತೆಗೆದು ಮತ್ತೆ ಕಳುಹಿಸಿದ ಚಿತ್ರದಲ್ಲಿ ವ್ಯತ್ಯಾಸ ಉಳಿಯಲಿಲ್ಲ.

ನುಚ್ಚಿನ ಲೆಕ್ಕ

ಎಷ್ಟು ಗಿಡ್ಡವಾದರೆ ಕಾಳನ್ನು ಮುರುಕು ಎನ್ನಬೇಕು? ಅಕ್ಕಿಗೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ 1995ರ ಕೋಡೆಕ್ಸ್ ಮಾನದಂಡದಲ್ಲಿ ಇಡಿ ಕಾಳಿನ ಸರಾಸರಿ ಉದ್ದದ ಮುಕ್ಕಾಲು ಪಾಲು ಗಡಿ. ಮುಕ್ಕಾಲು ಅಥವಾ ಅದಕ್ಕಿಂತ ಉದ್ದವಿದ್ದರೆ ತುದಿ ಮುರಿದಿದ್ದರೂ ಇಡಿ ಕಾಳಿನ ಲೆಕ್ಕಕ್ಕೆ, ಅದಕ್ಕಿಂತ ಕಡಿಮೆಯಾದರೆ ಮುರುಕಿಗೆ. ನಾವೂ ಇದನ್ನೇ ಹಿಡಿದೆವು.

ಬ ಅವರ ಒಂದು ಫೋಟೊದ ಲೆಕ್ಕವನ್ನು ಪೂರ್ತಿಯಾಗಿ ಹೇಳುತ್ತೇನೆ. ಒಟ್ಟು 252 ತುಂಡುಗಳು. ಮುರಿಯದ ಕಾಳಿನ ಸರಾಸರಿ ಉದ್ದ 6 ಮಿಲಿಮೀಟರ್, ಆದ್ದರಿಂದ ಗಡಿ 4.5. ಗಡಿಗಿಂತ ಮೇಲೆ 198, ಕೆಳಗೆ 54. ಎಣಿಕೆಯ ಪ್ರಕಾರ ಮುರುಕು ನೂರಕ್ಕೆ 21. ಇದನ್ನು ಕೇಳಿದ ಕೂಡಲೇ ಉಗ್ರಾಣದವರು, "ಇವರು ನೂರಕ್ಕೆ ಹದಿಮೂರು ಎಂದಿದ್ದರಲ್ಲ, ಮೋಸವಲ್ಲವೇ?" ಎಂದರು.

ಮೋಸವಲ್ಲ. ವ್ಯಾಪಾರದಲ್ಲಿ ನುಚ್ಚನ್ನು ಹೇಳುವುದು ತೂಕದಿಂದ, ಫೋಟೊ ಕೊಡುವುದು ಎಣಿಕೆಯನ್ನು. ಅರ್ಧ ಕಾಳು ಎಣಿಕೆಯಲ್ಲಿ ಒಂದು, ತೂಕದಲ್ಲಿ ಅರ್ಧ. ಫೋಟೊದಿಂದಲೇ ತೂಕದ ಹತ್ತಿರ ಹೋಗಲು ಒಂದು ಸುಲಭ ದಾರಿ ಇದೆ. ಒಂದೇ ತಳಿಯ ಅಕ್ಕಿಯಲ್ಲಿ ಇಡಿ ಕಾಳಿಗೂ ಚೂರಿಗೂ ದಪ್ಪ ಹೆಚ್ಚುಕಡಿಮೆ ಒಂದೇ, ಹಾಗಾಗಿ ಉದ್ದವೇ ತೂಕಕ್ಕೆ ಅಂದಾಜಾಗುತ್ತದೆ. ಎಲ್ಲ ಚೂರುಗಳ ಉದ್ದವನ್ನು ಕೂಡಿಸಿ, ಎಲ್ಲ ತುಂಡುಗಳ ಒಟ್ಟು ಉದ್ದದಿಂದ ಭಾಗಿಸಬೇಕು. ಇಲ್ಲಿ 198 ಕಾಳುಗಳ ಸರಾಸರಿ 5.9 ಮಿಲಿಮೀಟರ್, ಕೂಡಿದರೆ 1168. ಮುರುಕು 54, ಸರಾಸರಿ 3.2, ಕೂಡಿದರೆ 173. ಒಟ್ಟು 1341ರಲ್ಲಿ 173 ಎಂದರೆ ನೂರಕ್ಕೆ 12.9. ಅದೇ ತುಂಡುಗಳನ್ನು ಚಿನ್ನ ತೂಗುವ ಬಗೆಯ ಸಣ್ಣ ತಕ್ಕಡಿಯಲ್ಲಿ ತೂಗಿದೆವು. ಒಟ್ಟು 4.10 ಗ್ರಾಂನಲ್ಲಿ ಮುರುಕು 0.54 ಗ್ರಾಂ, ಅಂದರೆ ನೂರಕ್ಕೆ 13.2. ಮಾರಾಟಗಾರರ ಮಾತು ಸರಿಯಿತ್ತು.

ಮೊದಲ ಫೋಟೊದಲ್ಲಿ ಉದ್ದಗಳನ್ನು ಪರದೆಯ ಮೇಲೆ ಒಂದೊಂದಾಗಿ ಅಳೆದೆವು, ಅರ್ಧ ದಿನ ಹಿಡಿಯಿತು. ಆಮೇಲೆ ImageJ ಎಂಬ ಉಚಿತ ತಂತ್ರಾಂಶ ಬಳಸಿದೆವು. ಅದರಲ್ಲಿ ಅಳತೆಪಟ್ಟಿಯ ಮೇಲೆ ಗೆರೆ ಎಳೆದು `Set Scale` ಕೊಟ್ಟು, ಕಾಳು ಮತ್ತು ಹಿನ್ನೆಲೆಯನ್ನು `Threshold` ಮೂಲಕ ಬೇರ್ಪಡಿಸಿ, `Set Measurements`ನಲ್ಲಿ `Feret's diameter` ಗುರುತು ಮಾಡಿ, `Analyze Particles` ನಡೆಸಿದರೆ ಪ್ರತಿ ತುಂಡಿನ ಉದ್ದವೂ `Feret` ಎಂಬ ಕಾಲಂನಲ್ಲಿ ಬರುತ್ತದೆ. ಎರಡು ಕಾಳು ತಾಗಿಕೊಂಡಿದ್ದರೆ ಅದು ಒಂದೇ ಉದ್ದನೆಯ ಕಾಳು ಎಂದು ಎಣಿಸುತ್ತದೆ. ಎರಡು ಚೂರು ಸೇರಿ ಒಂದು ಇಡಿ ಕಾಳಾಗಿ ಲೆಕ್ಕಕ್ಕೆ ಬರುವ ಅಪಾಯ ಇದೇ. ಹರಡುವಾಗ ಪಟ್ಟ ಶ್ರಮ ಇಲ್ಲಿ ಫಲ ಕೊಡುತ್ತದೆ.

ಒಂದೇ ಫೋಟೊದ ಅಂಕಿಯನ್ನು ನಂಬಿ ಕೂರಬಾರದು ಎಂಬುದೂ ಮುಖ್ಯ. ಇನ್ನೂರೈವತ್ತು ತುಂಡುಗಳಲ್ಲಿ ಎಣಿಕೆಯ ಪ್ರಕಾರ ನೂರಕ್ಕೆ ಹನ್ನೆರಡು ಮುರುಕು ಬಂದರೆ, ನಿಜವಾದ ಅಂಕಿ ಎಂಟರಿಂದ ಹದಿನಾರರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಅದು ಬರೀ ಆಕಸ್ಮಿಕದ ಆಟ. ಹತ್ತು ಮತ್ತು ಹನ್ನೆರಡರ ವ್ಯತ್ಯಾಸದ ಮೇಲೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸಿದರೆ ಅದು ನಾಣ್ಯ ಚಿಮ್ಮಿದಂತೆ. ನಾವು ಪ್ರತಿ ಮಾದರಿಯಿಂದ ಬೇರೆಬೇರೆಯಾಗಿ ನಾಲ್ಕು ಸಲ ಭಾಗಿಸಿ ನಾಲ್ಕು ಫೋಟೊ ತೆಗೆದೆವು. ಸಾವಿರ ತುಂಡುಗಳಾದಾಗ ಆ ಅನಿಶ್ಚಿತತೆ ಅರ್ಧಕ್ಕೆ ಇಳಿಯಿತು.

ನಾಲ್ಕೂ ಫೋಟೊ ಸೇರಿಸಿದ ಮೇಲೆ ತೂಕದ ಅಂದಾಜಿನಲ್ಲಿ ಬ ನೂರಕ್ಕೆ 13, ಕ 7, ಅ 9.

ಅ ಅವರ ಅಕ್ಕಿಯಲ್ಲಿ ಎರಡು ಗುಂಪು

ಅ ಅವರ ಒಂಬತ್ತನ್ನು ನೋಡಿ ವ್ಯವಸ್ಥಾಪಕರಿಗೆ ಸಮಾಧಾನವಾಗಿತ್ತು. ಉದ್ದಗಳನ್ನು ಸಾಲಾಗಿ ಜೋಡಿಸಿದಾಗ ಮಾತ್ರ ಆ ಅಂಕಿಗೆ ಅರ್ಥವೇ ಇಲ್ಲ ಎಂದು ತಿಳಿಯಿತು. ಬ ಮತ್ತು ಕ ಅವರ ಇಡಿ ಕಾಳುಗಳು ಒಂದೇ ಉದ್ದದ ಸುತ್ತ ಗುಂಪಾಗಿದ್ದವು. ಅ ಅವರದರಲ್ಲಿ ಎರಡು ಗುಂಪು. ನೂರಕ್ಕೆ ಎಪ್ಪತ್ತರಷ್ಟು ಕಾಳು 7 ಮಿಲಿಮೀಟರ್ ಆಸುಪಾಸು, ಮೂವತ್ತರಷ್ಟು 5ರ ಆಸುಪಾಸು, ನಡುವೆ ತೆರವು.

ಗಿಡ್ಡ ಗುಂಪು ಮುರುಕುಗಳೇ ಇರಬಹುದಲ್ಲ ಎಂಬುದು ಮೊದಲ ಪ್ರಶ್ನೆ. ಚಿತ್ರವನ್ನು ಹಿಗ್ಗಿಸಿ ತುದಿಗಳನ್ನು ನೋಡಿದೆವು. ಮುರಿಯದ ಅಕ್ಕಿಕಾಳಿನ ಒಂದು ತುದಿ ಮೊನಚಾಗಿ ಇಳಿಯುತ್ತದೆ. ಇನ್ನೊಂದು ತುದಿಯ ಒಂದು ಪಕ್ಕದಲ್ಲಿ, ಮೊಳಕೆಯ ಭಾಗ ಉದುರಿಹೋದ ಜಾಗದಲ್ಲಿ, ಉಗುರಿನಿಂದ ಚಿವುಟಿದಂಥ ಸಣ್ಣ ಓರೆ ತಗ್ಗು ಇರುತ್ತದೆ. ಮುರಿದ ಕಾಳಿಗೆ ಈ ಎರಡರಲ್ಲಿ ಒಂದು ಅಥವಾ ಎರಡೂ ಇರುವುದಿಲ್ಲ, ಅಲ್ಲಿ ಮೊಂಡಾಗಿ ಕತ್ತರಿಸಿದಂಥ ಮೂಲೆ ಕಾಣುತ್ತದೆ. ಅ ಅವರ ಗಿಡ್ಡ ಕಾಳುಗಳಲ್ಲಿ ಹೆಚ್ಚಿನವಕ್ಕೆ ಮೊನಚೂ ಇತ್ತು, ತಗ್ಗೂ ಇತ್ತು. ಅವು ಇಡಿ ಕಾಳುಗಳೇ, ಆದರೆ ಬೇರೆ ತಳಿಯವು.

ಬೆರಕೆ ಅಕ್ಕಿಯಲ್ಲಿ ಮುಕ್ಕಾಲಿನ ಗಡಿ ಎರಡೂ ಕಡೆ ತಪ್ಪುತ್ತದೆ. ಒಟ್ಟು ಸರಾಸರಿ 6.4 ಮಿಲಿಮೀಟರ್, ಗಡಿ 4.8. ಗಿಡ್ಡ ತಳಿಯ ಇಡಿ ಕಾಳು 4.6 ಇದ್ದರೆ ಅದು ಮುರುಕಿನ ಲೆಕ್ಕಕ್ಕೆ ಹೋಗುತ್ತದೆ. ಉದ್ದ ತಳಿಯ ಕಾಳು ಮುರಿದು 5.1 ಆಗಿದ್ದರೆ, ತನ್ನ ಉದ್ದದ ಮುಕ್ಕಾಲಿಗಿಂತ ಕಡಿಮೆಯಾಗಿದ್ದರೂ, ಇಡಿ ಕಾಳಾಗಿ ಪಾಸಾಗುತ್ತದೆ. ನುಚ್ಚಿನ ಲೆಕ್ಕಕ್ಕೆ ಮೊದಲೇ ಉದ್ದದ ಹಂಚಿಕೆ ನೋಡಬೇಕಿತ್ತು. ನಾವು ತಿರುಗುಮುರುಗಾಗಿ ಮಾಡಿದ್ದೆವು, ಮುಂದೆ ಕ್ರಮ ಬದಲಿಸಿದೆವು.

ಮುಖ್ಯ ಅಡುಗೆಯವರು ಅ ಅವರ ಅಕ್ಕಿಯನ್ನು ಸ್ವಲ್ಪ ಬೇಯಿಸಿ, ಬೆರಳ ನಡುವೆ ಕಾಳು ಹಿಸುಕಿ ತೋರಿಸಿದರು. ಗಿಡ್ಡ ಕಾಳು ಪೂರ್ತಿ ಕರಗಿತ್ತು, ಉದ್ದ ಕಾಳಿನ ನಡುವೆ ಇನ್ನೂ ಬಿಳಿ ಚುಕ್ಕೆ ಗಟ್ಟಿಯಾಗಿ ಉಳಿದಿತ್ತು. "ಯಾವುದಕ್ಕೆ ಅಂತ ನೀರಿಡಲಿ?" ಎಂದು ಕೇಳಿದರು. ಅ ಅಲ್ಲಿಗೆ ಹಿಂದೆ ಸರಿಯಿತು. ಗಿರಣಿಯ ತೊಟ್ಟಿಯಲ್ಲಿ ಹಿಂದಿನ ಅಕ್ಕಿ ಉಳಿದು ಬೆರೆತಿರಬಹುದು ಎಂದು ಅವರು ವಿವರಿಸಿದರು. ಆದರೆ ಮೂವತ್ತರಷ್ಟು ಬೆರಕೆ ಉಳಿಕೆಯಿಂದ ಆಗುವ ಪ್ರಮಾಣವಲ್ಲ ಎಂಬುದು ನನ್ನ ಅಭಿಪ್ರಾಯ.

ಹೊಳೆಯುವ ಬ, ಮಂಕಾದ ಕ

ಈಗ ಉಳಿದದ್ದು ಎರಡು. ಒಂದೇ ಬೆಳಕಿನಲ್ಲಿ, ಬಿಳಿ ಕಾಗದದ ತುಂಡನ್ನು ಆಧಾರವಾಗಿಟ್ಟು ಹೋಲಿಸಿದಾಗಲೂ ಬ ಹೆಚ್ಚು ಬಿಳಿಯಾಗಿತ್ತು, ಕ ಕೆನೆಬಣ್ಣ. ವ್ಯವಸ್ಥಾಪಕರ ಕಣ್ಣು ಅಷ್ಟರ ಮಟ್ಟಿಗೆ ಸರಿಯಾಗಿಯೇ ಗ್ರಹಿಸಿತ್ತು. ಆ ಬಿಳುಪು ಎಲ್ಲಿಂದ ಬಂತು ಎಂಬುದು ಪ್ರಶ್ನೆ.

ಕ ಅವರ ಕಾಳನ್ನು ಹಿಗ್ಗಿಸಿದರೆ ಮೈಮೇಲೆ ಉದ್ದಕ್ಕೂ ಇರುವ ಸಣ್ಣ ಗೀರುಗಳಲ್ಲಿ ಅಲ್ಲಲ್ಲಿ ಕಂದು ಎಳೆ ಕಾಣುತ್ತಿತ್ತು. ಪಾಲಿಶ್ ಮಾಡುವಾಗ ತವುಡು ಉಬ್ಬಿದ ಭಾಗದಿಂದ ಮೊದಲು ಹೋಗುತ್ತದೆ, ತಗ್ಗಾದ ಗೀರುಗಳಿಂದ ಕೊನೆಗೆ. ಅಂದರೆ ಕ ಸ್ವಲ್ಪ ಕಡಿಮೆ ಪಾಲಿಶ್ ಮಾಡಿದ್ದು, ಅಷ್ಟೇ. ಬ ಅವರದರಲ್ಲಿ ಎಳೆಗಳಿರಲಿಲ್ಲ. ಅದರ ಮೊನೆಗಳೂ ಸವೆದು ದುಂಡಗಾಗಿದ್ದವು. ನೀಲಿ ಕಾಗದದಿಂದ ಕಾಳುಗಳನ್ನು ಎತ್ತಿದ ಮೇಲೆ ಬ ಇದ್ದ ಜಾಗದಲ್ಲಿ ತೆಳುವಾದ ಬಿಳಿ ಹುಡಿ ಉಳಿಯುತ್ತಿತ್ತು, ಕ ಇದ್ದ ಜಾಗದಲ್ಲಿ ಹೆಚ್ಚೇನೂ ಇರಲಿಲ್ಲ. ಹೆಚ್ಚು ಹೊತ್ತು ಉಜ್ಜಿದಷ್ಟೂ ಕಾಳು ಬಿಳುಪಾಗುತ್ತದೆ, ಜೊತೆಗೆ ಬಿಸಿಯಾಗಿ ಒತ್ತಡಕ್ಕೆ ಸಿಕ್ಕು ಒಡೆಯುತ್ತದೆ. ಹಾಗಾಗಿ ಪಾಲಿಶ್ ಮತ್ತು ನುಚ್ಚನ್ನು ಬೇರೆಬೇರೆ ಅಂಕಗಳಂತೆ ನೋಡದೆ ಒಟ್ಟಿಗೆ ಓದಬೇಕು.

ನಿರ್ಣಾಯಕವಾದದ್ದು ಹಿಂಬದಿಯ ಬೆಳಕಿನ ಫೋಟೊ. ಒಂದು ಗಾಜಿನ ಹಲಗೆಯ ಕೆಳಗೆ ತೆಳು ಬಿಳಿ ಕಾಗದ, ಅದರ ಕೆಳಗೆ ಇನ್ನೊಂದು ಮೊಬೈಲಿನ ಟಾರ್ಚ್, ಮೇಲೆ ನೂರು ಇಡಿ ಕಾಳು, ಕೋಣೆ ಕತ್ತಲೆ. ಮೇಲಿನ ಬೆಳಕಿನಲ್ಲಿ ಒಂದೇ ತೆರನಾಗಿ ಕಾಣುತ್ತಿದ್ದ ಬಿಳುಪು ಇಲ್ಲಿ ಬೇರೆಯಾಯಿತು. ಒಳಗೆ ಸುಣ್ಣದಂತೆ ಅಪಾರದರ್ಶಕವಾದ ಕಾಳು ಬೆಳಕನ್ನು ತಡೆದು ಕಪ್ಪು ಮಚ್ಚೆಯಾಗಿ ಕಂಡಿತು, ಚೆನ್ನಾಗಿ ಬಲಿತ ಕಾಳು ಗಾಜಿನಂತೆ ಬೆಳಗಿತು. ಬ ಅವರ ಬಿಳುಪಿನಲ್ಲಿ ಒಂದು ಪಾಲು ಪಾಲಿಶ್‌ನದ್ದಲ್ಲ, ಈ ಸುಣ್ಣಗಾಳುಗಳದ್ದು. ಅದಕ್ಕಿಂತ ಮುಖ್ಯವಾಗಿ, ಬೆಳಗಿದ ಕಾಳುಗಳ ಒಳಗೆ ಅಡ್ಡಲಾಗಿ ಕೂದಲಿನಂಥ ಗೆರೆಗಳು ಕಂಡವು. ಅವು ಬಿರುಕುಗಳು. ಭತ್ತವನ್ನು ಅವಸರದಲ್ಲಿ ಒಣಗಿಸಿದರೆ, ಅಥವಾ ಒಣಗಿದ ಭತ್ತ ಮತ್ತೆ ತೇವ ಹೀರಿದರೆ, ಕಾಳಿನ ಹೊರಪದರವೂ ಒಳಭಾಗವೂ ಒಂದೇ ವೇಗದಲ್ಲಿ ಕುಗ್ಗದೆ ಅಥವಾ ಹಿಗ್ಗದೆ ಹೀಗೆ ಸೀಳುತ್ತದೆ. ಬಿರುಕಿದ ಕಾಳು ಇನ್ನೂ ಮುರಿದಿಲ್ಲ, ಆದ್ದರಿಂದ ಯಾವ ಉದ್ದದ ಲೆಕ್ಕದಲ್ಲೂ ಅದು ಇಡಿ ಕಾಳೇ. ನೂರರಲ್ಲಿ ಬ ಅವರದು 23, ಕ ಅವರದು 6.

ವ್ಯವಸ್ಥಾಪಕರು ಇದಕ್ಕೆ ಒಪ್ಪಲಿಲ್ಲ. ಗೆರೆ ಕಂಡರೇನು, ಮುರಿಯಬೇಕಲ್ಲ ಎಂದರು. ನ್ಯಾಯವಾದ ಮಾತು. ಎರಡರಿಂದಲೂ ನೂರು ನೂರು ಇಡಿ ಕಾಳು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಚಮಚದಿಂದ ಹತ್ತು ಸುತ್ತು ಮೆಲ್ಲಗೆ ತಿರುಗಿಸಿ, ಮತ್ತೆ ನೀಲಿ ಕಾಗದದ ಮೇಲೆ ಹರಡಿ ಫೋಟೊ ತೆಗೆದೆವು. ಬ ಅವರದರಲ್ಲಿ 19 ಕಾಳು ಎರಡಾಗಿದ್ದವು, ಕ ಅವರದರಲ್ಲಿ 4. ಒಣ ಅಕ್ಕಿಯನ್ನು ನೀರಿಗೆ ಹಾಕಿದರೆ ಗಟ್ಟಿ ಕಾಳಿನಲ್ಲೂ ಬಿರುಕು ಬೀಳುತ್ತದೆ, ಆದ್ದರಿಂದ ಈ ಪರೀಕ್ಷೆಯ ಅಂಕಿಗೆ ಒಂಟಿಯಾಗಿ ಬೆಲೆಯಿಲ್ಲ. ಅಕ್ಕಪಕ್ಕದಲ್ಲಿ ಒಂದೇ ರೀತಿ ಮಾಡಿದಾಗಿನ ವ್ಯತ್ಯಾಸಕ್ಕೆ ಮಾತ್ರ ಬೆಲೆ. ಹತ್ತೊಂಬತ್ತು ಮತ್ತು ನಾಲ್ಕರ ವ್ಯತ್ಯಾಸ ಆಕಸ್ಮಿಕವೆನ್ನಲು ಸಾಧ್ಯವಿರಲಿಲ್ಲ. ಬ ಅವರ ಹದಿಮೂರು ನಮ್ಮ ಪಾತ್ರೆಗೆ ಬರುವ ಹೊತ್ತಿಗೆ ಹದಿಮೂರಾಗಿ ಉಳಿಯುವುದಿಲ್ಲ ಎಂಬುದು ಸ್ಪಷ್ಟವಾಯಿತು. ಕ ಅವರನ್ನು ಆರಿಸಿದೆವು.

ಚೀಲಗಳು ಬಂದ ಮೇಲೆ

ಒಪ್ಪಂದದಲ್ಲಿ ಮೂರು ಮಾತು ಬರೆಸಿದೆವು. ಮುರುಕು ತೂಕದಲ್ಲಿ ನೂರಕ್ಕೆ 8 ಮೀರಬಾರದು, ಮುರುಕು ಎಂದರೆ ಮುಕ್ಕಾಲಿಗಿಂತ ಗಿಡ್ಡ. ಮಾದರಿಯನ್ನು ಚೀಲದ ಮೇಲೆ, ನಡುವೆ, ತಳದಲ್ಲಿ ಚುಚ್ಚುಗೊಳವೆಯಿಂದ ತೆಗೆದು ಬೆರೆಸಿ ನೋಡಲಾಗುವುದು. ಹೋಲಿಕೆಗೆ ಇಬ್ಬರ ಬಳಿಯೂ ಮುಚ್ಚಿ ಸಹಿ ಮಾಡಿದ ಅರ್ಧ ಕಿಲೋ ಮಾದರಿ ಮತ್ತು ಅದರ ಫೋಟೊ ಇರುತ್ತದೆ.

ಅರವತ್ತು ಚೀಲಗಳಲ್ಲಿ ಎಂಟನ್ನು, ಅಂದರೆ ಚೀಲಗಳ ಸಂಖ್ಯೆಯ ವರ್ಗಮೂಲದಷ್ಟನ್ನು, ಅಲ್ಲಲ್ಲಿಂದ ಆರಿಸಿ ನೋಡಿದೆವು. ಏಳರಲ್ಲಿ ಮುರುಕು 6ರಿಂದ 8ರ ಒಳಗಿತ್ತು. ಎಂಟನೆಯದರಲ್ಲಿ 15. ಎಂಟರ ಸರಾಸರಿ ತೆಗೆದರೆ ಒಪ್ಪಂದದ ಗಡಿಯ ಹತ್ತಿರವೇ ಬರುತ್ತಿತ್ತು, ದಾಖಲೆಯಲ್ಲಿ ಸರಿ ಎಂದು ಬರೆದು ಮುಗಿಸಬಹುದಿತ್ತು. ಸರಾಸರಿ ತೆಗೆಯುವುದು ಬೇಡ ಎಂದು ಉಗ್ರಾಣದವರೇ ತಡೆದರು. ಹಿಂದಿನ ಲೋಡಿನ ಮೇಲು ಮತ್ತು ತಳ ಅವರಿಗೆ ನೆನಪಿತ್ತು. ಆ ಚೀಲದ ಬಾಯಿ ಹೊಲಿದ ದಾರ ಹಸಿರು, ಉಳಿದವುಗಳದು ಬಿಳಿ ಎಂಬುದನ್ನು ಗಮನಿಸಿದವರೂ ಅವರೇ. ಹುಡುಕಿದರೆ ಹಸಿರು ದಾರದ ಚೀಲ ಒಟ್ಟು ಒಂಬತ್ತು. ಒಂಬತ್ತನ್ನೂ ಚುಚ್ಚಿ ಫೋಟೊ ತೆಗೆದೆವು, ಎಲ್ಲದರಲ್ಲೂ ಮುರುಕು 13ರಿಂದ 16. ಮುಚ್ಚಿಟ್ಟ ಮಾದರಿಯ ಚಿತ್ರವನ್ನೂ ಇವುಗಳ ಚಿತ್ರವನ್ನೂ ಒಂದೇ ಅಳತೆಪಟ್ಟಿಯೊಂದಿಗೆ ಪಕ್ಕಪಕ್ಕ ಇಟ್ಟು ಕ ಅವರಿಗೆ ಕಳುಹಿಸಿದೆವು. ಬೇರೆ ದಿನ ಬೀಸಿದ ಚೀಲಗಳು ಲೋಡಿಗೆ ಸೇರಿಬಿಟ್ಟಿವೆ ಎಂದು ಅವರು ಒಪ್ಪಿ, ಮಾತಿಲ್ಲದೆ ಬದಲಿಸಿಕೊಟ್ಟರು.

ಉಳಿದ 51 ಚೀಲಗಳ ಅನ್ನದ ಬಗ್ಗೆ ತಿಂಗಳು ಪೂರ್ತಿ ದೂರು ಬರಲಿಲ್ಲ. ಬಣ್ಣ ಸ್ವಲ್ಪ ಕೆನೆಯಾಗಿದೆ ಎಂದು ಮೊದಲ ವಾರ ಇಬ್ಬರು ಕೇಳಿದರು, ಆಮೇಲೆ ಯಾರೂ ಕೇಳಲಿಲ್ಲ.

ಫೋಟೊಗೆ ಸಿಗದ ಸಂಗತಿಗಳೂ ಇದ್ದವು. ಅಕ್ಕಿಯ ತೇವಾಂಶ, ಹಳೆಯದೋ ಹೊಸದೋ ಎಂಬುದು, ವಾಸನೆ, ಇವುಗಳನ್ನು ಯಾವ ಬೆಳಕಿನಲ್ಲಿ ತೆಗೆದರೂ ಚಿತ್ರ ಹೇಳುವುದಿಲ್ಲ. ಅದಕ್ಕೆ ಮಾಪಕ, ಮೂಗು ಮತ್ತು ಒಂದು ಬಟ್ಟಲು ಅನ್ನ ಬೇಕು. ಕೇಂದ್ರದವರು ಈಗ ಫೋಟೊ ನೋಡಿ ಇಬ್ಬರನ್ನೋ ಮೂವರನ್ನೋ ಉಳಿಸಿಕೊಳ್ಳುತ್ತಾರೆ, ಆಮೇಲೆ ಬೇಯಿಸಿ ನೋಡಿ ಒಬ್ಬರನ್ನು ಆರಿಸುತ್ತಾರೆ. ಫೋಟೊ ನೋಡುವ ಕ್ರಮವೂ ಬದಲಾಗಿದೆ. ಮೊದಲು ಉದ್ದದ ಗುಂಪು ಒಂದೋ ಎರಡೋ ಎಂದು ನೋಡುತ್ತಾರೆ, ಆಮೇಲೆ ಮುರುಕು, ಆಮೇಲೆ ಹಿಂಬದಿಯ ಬೆಳಕಿನಲ್ಲಿ ಬಿರುಕು, ಎಲ್ಲಕ್ಕಿಂತ ಕೊನೆಗೆ ಬಣ್ಣ. ನೀಲಿ ಕಾಗದ, ಅಳತೆಪಟ್ಟಿ ಮತ್ತು ಗಾಜಿನ ಹಲಗೆ ಉಗ್ರಾಣದ ಒಂದು ಖಾನೆಯಲ್ಲಿವೆ, ಪಕ್ಕದಲ್ಲಿ ಕ ಅವರ ಸಹಿಯಿರುವ ಅರ್ಧ ಕಿಲೋ ಡಬ್ಬಿ.